ಟಿಕೆಟ್ ಮುಚ್ಚಿದರೆ ದೂರು ಮುಗಿಯಿತೇ? ಬಿಜೂರಿನಿಂದ ಹೋದ ಒಂದು ಇಮೇಲ್

"ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?"

ಜನವರಿ 19ರ ಸಂಜೆ ಬಿಜೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮೊಬೈಲಿಗೆ ಬಂದ ಮೆಸೇಜ್ ಇದು. ಆಗ ತಪ್ಪು ಪಂಪ್ ಜಗಲಿಯ ಮೂಲೆಯಲ್ಲೇ ಕೂತಿತ್ತು. ಹಣ ಕಂಪನಿಯ ಹತ್ತಿರವೇ ಇತ್ತು. ತೋಟದ ಅಡಿಕೆ ಸಸಿಗಳಿಗೆ ನೀರು ಬಿಟ್ಟು ವಾರವಾಗಿತ್ತು. ಪರಿಹಾರ ಆದದ್ದು ಯಾವುದಕ್ಕೆ ಅಂತ ಕೇಳೋಣ ಎಂದರೆ ಆ ಚಾಟ್ ಕಿಟಕಿಯೇ ಮುಚ್ಚಿತ್ತು. ಚಿಕ್ಕಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು ಕೇಳಿದ್ದು ಒಂದೇ ಮಾತು: "ಅವ್ರ್ ಮುಚ್ಚ್ರೆ ಮುಗಿತಾ?"

ಈ ಲೇಖನ ಆ ಪ್ರಶ್ನೆಯ ಬಗ್ಗೆಯೇ. ಆನ್‌ಲೈನ್ ಮಾರಾಟ ತಾಣಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಮೋಸದ ಸುತ್ತ ಇರುತ್ತದೆ. ಮೊಬೈಲ್ ಬದಲು ಸೋಪು ಬಂತು, ಇಟ್ಟಿಗೆ ಬಂತು ಎನ್ನುವ ಸುದ್ದಿಗಳು. ಆದರೆ ಹೆಚ್ಚಿನವರ ದುಡ್ಡು ಹೋಗುವುದು ಅಂಥ ದೊಡ್ಡ ಮೋಸದಲ್ಲಲ್ಲ. ದೂರು ಕೊಟ್ಟ ಮೇಲೆ, ಅದು 'ಪರಿಹಾರವಾಗಿದೆ' ಎಂದು ತಾನಾಗಿ ಮುಚ್ಚಿಕೊಳ್ಳುವ ಹಂತದಲ್ಲಿ. ಅಲ್ಲಿಗೆ ಹತ್ತರಲ್ಲಿ ಒಂಬತ್ತು ಜನ ಕೈಬಿಡುತ್ತಾರೇನೋ ಅಂತ ನನ್ನ ಅನಿಸಿಕೆ. ಕಾನೂನಿನ ದಾರಿ ನಿಜವಾಗಿ ಶುರುವಾಗುವುದು ಅಲ್ಲಿಂದಲೇ.

ತಪ್ಪು ವಸ್ತು, ಸರಿಯಾದ ಫೋಟೋ

ನಡೆದದ್ದು ಇಷ್ಟು. ಜನವರಿ 6ರಂದು ಚಿಕ್ಕಮ್ಮ ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಒಂದು ಎಚ್‌ಪಿಯ ಮೋನೋಬ್ಲಾಕ್ ಪಂಪಿಗೆ ಆರ್ಡರ್ ಕೊಟ್ಟರು. ಬೆಲೆ 7,349 ರೂಪಾಯಿ, ಯುಪಿಐ ಮೂಲಕ ಮುಂಗಡ ಪಾವತಿ. 10ರಂದು ಪೆಟ್ಟಿಗೆ ಬಂತು. ಪಂಪ್ ಕೂರಿಸುವವರು ಬಿಡುವಾಗಿ ಬಂದದ್ದು 12ಕ್ಕೆ. ಅವರು ಪೆಟ್ಟಿಗೆ ಬಿಚ್ಚಿ, ಮೋಟರಿನ ಮೈಮೇಲೆ ಇರುವ ತಗಡಿನ ಪಟ್ಟಿ ನೋಡಿ, "ಇದ್ ಅರ್ಧ ಎಚ್‌ಪಿದ್ ಕಾಣಿ" ಅಂದರು. ಪಟ್ಟಿಯಲ್ಲಿ 0.37 ಕಿಲೋವ್ಯಾಟ್ ಎಂದಿತ್ತು. ಒಂದು ಎಚ್‌ಪಿಯದ್ದಾದರೆ 0.75 ಇರಬೇಕು. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಮಾತ್ರ ಒಂದು ಎಚ್‌ಪಿ ಎಂದೇ ಇತ್ತು.

ಅವತ್ತೇ ಆಪ್‌ನಲ್ಲಿ ವಾಪಸಾತಿಗೆ ಕೋರಿಕೆ ಹಾಕಿದೆವು. ವಾಪಸಾತಿಯ ಅವಧಿ ಏಳು ದಿನ, ಅಂದರೆ 17ರವರೆಗೆ. ಪೆಟ್ಟಿಗೆ ಒಯ್ಯಲು 14ಕ್ಕೆ ಬರುತ್ತೇವೆ ಎಂದರು. ಮಾರಣಕಟ್ಟೆ ಜಾತ್ರೆಯ ದಿನ. ಚಿಕ್ಕಮ್ಮ ಜಾತ್ರೆಗೂ ಹೋಗದೆ ಮನೆಯಲ್ಲೇ ಕಾದರು. ಯಾರೂ ಬರಲಿಲ್ಲ. ಸಂಜೆ ಆಪ್‌ನಲ್ಲಿ 'ಗ್ರಾಹಕರು ಸಿಗಲಿಲ್ಲ' ಎಂದು ಬಂತು. ಮತ್ತೆ 16ಕ್ಕೆ ಒಬ್ಬ ಹುಡುಗ ಬಂದ. ಅವನ ಮೊಬೈಲಿನಲ್ಲಿ ಒಂದು ಎಚ್‌ಪಿ ಪಂಪಿನ ಫೋಟೋ ಮತ್ತು ವಿವರ ಇತ್ತು. ಎದುರಿಗಿದ್ದದ್ದು ಅರ್ಧ ಎಚ್‌ಪಿಯದ್ದು. "ಫೋಟೋಕ್ಕೂ ಇದಕ್ಕೂ ಹೊಂದಾಣಿಕೆ ಆಗುದಿಲ್ಲ, ನಾ ತಕೊಂಡ್ಹೋಪುಕೆ ಆತಿಲ್ಲೆ" ಎಂದು ಹೇಳಿ ಹೋದ. ವಾಪಸಾತಿ ರದ್ದಾಯಿತು.

ಅದರ ಅರ್ಥ ನೋಡಿ. ತಪ್ಪು ವಸ್ತು ಬಂದಿದೆ ಎನ್ನುವುದೇ ದೂರು. ಆದರೆ ಅದು ತಪ್ಪು ವಸ್ತು ಎನ್ನುವ ಕಾರಣಕ್ಕೇ ಅದನ್ನು ವಾಪಸು ಒಯ್ಯಲಾಗದು! ಹುಡುಗನ ತಪ್ಪೇನೂ ಇಲ್ಲ. ತಾನು ಕಂಡದ್ದನ್ನು ಅವನು ಮೊಬೈಲಿನಲ್ಲಿ ದಾಖಲಿಸಿದ. ಚಾಟ್‌ನಲ್ಲಿ ಕೂತವರ ತಪ್ಪೂ ಇಲ್ಲದೇ ಇರಬಹುದು. ಅವರ ಪರದೆಯಲ್ಲಿ ಕಾಣುವುದು 'ವಸ್ತು ಹೊಂದಾಣಿಕೆಯಾಗಲಿಲ್ಲ, ವಾಪಸಾತಿ ರದ್ದು, ಅವಧಿ ಮುಗಿದಿದೆ' ಎಂಬ ಮೂರು ಸಾಲು. ಅವಧಿ ಮೀರಿದ್ದನ್ನು ದಾಟಿ ಹಣ ಬಿಡುಗಡೆ ಮಾಡುವ ಅಧಿಕಾರ ಅವರಿಗಿಲ್ಲ. ಕೈಯಲ್ಲಿರುವ ಅಧಿಕಾರ ಒಂದೇ, ಟಿಕೆಟ್ ಮುಚ್ಚುವುದು. 16ಕ್ಕೆ ಕೊಟ್ಟ ದೂರು 19ಕ್ಕೆ ಮುಚ್ಚಿತು. 20ಕ್ಕೆ ಮತ್ತೆ ಕೊಟ್ಟೆವು, ಅದು ಮೂರು ಗಂಟೆಯಲ್ಲಿ ಮುಚ್ಚಿತು. ಮೂರನೆಯ ಸಲವೂ ಅದನ್ನೇ ಮಾಡಿದರೆ ಮೂರನೆಯ ಸಲವೂ ಅದೇ ಉತ್ತರ ಬರುತ್ತದೆ. ಬಾಗಿಲು ಬದಲಿಸಬೇಕಿತ್ತು.

ಆ ಬಾಗಿಲು ಯಾವುದು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2020ರ ಜುಲೈ 20ಕ್ಕೆ. ಅದರ ಬೆನ್ನಿಗೇ, ಜುಲೈ 23ಕ್ಕೆ, ಆನ್‌ಲೈನ್ ಮಾರಾಟಕ್ಕಾಗಿಯೇ 2020ರ ಇ-ಕಾಮರ್ಸ್ ನಿಯಮಗಳು ಬಂದವು. ಅದರ 4ನೇ ನಿಯಮದ ಪ್ರಕಾರ ಪ್ರತಿ ಇ-ಕಾಮರ್ಸ್ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ತನ್ನ ತಾಣದಲ್ಲಿ ಪ್ರಕಟಿಸಬೇಕು. ಆ ಅಧಿಕಾರಿ ಗ್ರಾಹಕರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ದೂರು ಬಂದ ದಿನದಿಂದ ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಚಾಟ್ ಮಾಡಿದವರು, ಫೋನ್ ಎತ್ತಿದವರು ಕುಂದುಕೊರತೆ ಅಧಿಕಾರಿ ಅಲ್ಲ. 'ನಾನು ಆರು ಸಲ ಕಾಲ್ ಮಾಡಿದ್ದೆ' ಎಂದರೆ ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಅಧಿಕಾರಿಯ ಒಂದು ತಿಂಗಳು ಯಾವ ದಿನ ಶುರುವಾಯಿತು ಎನ್ನುವುದರ ಬಗ್ಗೆ ವಾದಕ್ಕೆ ಜಾಗ ಉಳಿಯುತ್ತದೆ. ಅಧಿಕಾರಿಯ ವಿಳಾಸಕ್ಕೆ ತಾರೀಕು ಸಹಿತ ಬರಹ ಹೋದರೆ ಆ ವಾದ ಮುಗಿಯುತ್ತದೆ. ಗಡಿಯಾರ ಓಡಲು ಶುರುವಾದ ದಿನ ನಿಮ್ಮ ಕೈಯಲ್ಲೇ ಇರುತ್ತದೆ.

ವಿಳಾಸ ಹುಡುಕುವುದೂ ಒಂದು ಕೆಲಸವೇ. ಎಲ್ಲರಿಗೂ ಎದ್ದು ಕಾಣುವಂತೆ ಹಾಕಬೇಕು ಎಂದು ನಿಯಮ ಹೇಳುತ್ತದೆ. ನಮಗೆ ಅದು ಸಿಕ್ಕಿದ್ದು ಆಪ್‌ನಲ್ಲಲ್ಲ. ಕಂಪ್ಯೂಟರಿನಲ್ಲಿ ತಾಣ ತೆರೆದು, ಪುಟದ ತಳಕ್ಕೆ ಹೋಗಿ, ನಿಯಮ-ಷರತ್ತುಗಳ ಕೊಂಡಿ ಒತ್ತಿದ ಮೇಲೆ. ಕೆಲವು ತಾಣಗಳು ಇಮೇಲ್ ಬದಲು ಒಂದು ಫಾರ್ಮ್ ಮಾತ್ರ ಇಟ್ಟಿರುತ್ತವೆ. ಆಗ ತುಂಬಿದ ಫಾರ್ಮನ್ನು ಕಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕಳಿಸಿದ ಮೇಲೆ ನೀವು ಬರೆದದ್ದು ನಿಮಗೇ ಕಾಣುವುದಿಲ್ಲ.

ಚಿಕ್ಕಮ್ಮ ಬರೆದ ಪತ್ರ

ಮೊದಲ ಕರಡು ಎರಡು ಪುಟ ಇತ್ತು. ಜಾತ್ರೆಗೆ ಹೋಗದೆ ಕಾದದ್ದು, ಚಾಟ್‌ನಲ್ಲಿದ್ದವರ ಒರಟುತನ, ಇನ್ನು ಮುಂದೆ ನಿಮ್ಮಲ್ಲಿ ಏನೂ ಕೊಳ್ಳುವುದಿಲ್ಲ ಎನ್ನುವ ಪ್ರತಿಜ್ಞೆ. ಎಲ್ಲವೂ ನಿಜವೇ. ಆದರೆ ಓದುವವರಿಗೆ ಅದರಲ್ಲಿ ತೀರ್ಮಾನಿಸಲು ಏನೂ ಇರಲಿಲ್ಲ. ಕೊನೆಗೆ ಉಳಿದದ್ದು ಇದು. ಕನ್ನಡದಲ್ಲಿ ಬರೆದು, ಅದರ ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ಹಾಕಿ, ಜನವರಿ 22ರ ಬೆಳಿಗ್ಗೆ ಕಳಿಸಿದೆವು. ಆರ್ಡರ್ ಮತ್ತು ಟಿಕೆಟ್ ಸಂಖ್ಯೆಗಳನ್ನು ಇಲ್ಲಿ ತೆಗೆದಿದ್ದೇನೆ.

*ಇವರಿಗೆ: ಕುಂದುಕೊರತೆ ಅಧಿಕಾರಿ*
*ವಿಷಯ: ಪರಿಹಾರವಿಲ್ಲದೆ ಮುಚ್ಚಿದ ಎರಡು ದೂರುಗಳು, 2020ರ ಇ-ಕಾಮರ್ಸ್ ನಿಯಮ 4(5)ರಡಿ ಹೊಸ ದೂರು*

*ಮಾನ್ಯರೇ,*

*ನನ್ನ ಮನೆಯ ತೋಟದ ಬಳಕೆಗಾಗಿ ಜನವರಿ 6ರಂದು ನಿಮ್ಮ ತಾಣದಲ್ಲಿ ಒಂದು ಎಚ್‌ಪಿ ಪಂಪಿಗೆ 7,349 ರೂಪಾಯಿ ಪಾವತಿಸಿದ್ದೇನೆ. ಜನವರಿ 10ರಂದು ಬಂದದ್ದು ಅರ್ಧ ಎಚ್‌ಪಿ ಪಂಪ್. ಮೋಟರಿನ ಮೇಲಿನ ಪಟ್ಟಿಯಲ್ಲಿ 0.37 ಕಿಲೋವ್ಯಾಟ್ ಎಂದಿದೆ. ಪಟ್ಟಿಯ ಫೋಟೋ, ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೋ ಮತ್ತು ನಿಮ್ಮ ತಾಣದಲ್ಲಿರುವ ಉತ್ಪನ್ನ ವಿವರದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.*

*ಜನವರಿ 12ರಂದು, ಅವಧಿಯೊಳಗೆ, ವಾಪಸಾತಿ ಕೋರಿದೆ. 14ರಂದು ನಿಮ್ಮವರು ಬರಲಿಲ್ಲ. ಅವತ್ತು ಇಡೀ ದಿನ ನಾನು ಮನೆಯಲ್ಲಿದ್ದೆ, ನನಗೆ ಯಾವ ಕರೆಯೂ ಬಂದಿಲ್ಲ. 16ರಂದು ಬಂದವರು, ವಸ್ತು ನಿಮ್ಮ ಫೋಟೋದಂತೆ ಇಲ್ಲ ಎಂದು ಹೇಳಿ ವಾಪಸು ಒಯ್ಯಲಿಲ್ಲ. ತಪ್ಪು ವಸ್ತು ಬಂದಿದೆ ಎನ್ನುವುದಕ್ಕೆ ಇದು ನಿಮ್ಮದೇ ದಾಖಲೆ. ನಂತರ ಕೊಟ್ಟ ಎರಡು ದೂರುಗಳನ್ನು ಜನವರಿ 19 ಮತ್ತು 20ರಂದು 'ಪರಿಹಾರವಾಗಿದೆ' ಎಂದು ಮುಚ್ಚಲಾಗಿದೆ. ನನಗೆ ಹಣವೂ ಬಂದಿಲ್ಲ, ಬದಲಿ ಪಂಪೂ ಬಂದಿಲ್ಲ.*

*ನಾನು ಕೇಳುವುದು:*
*1. ಪೂರ್ತಿ 7,349 ರೂಪಾಯಿಯನ್ನು ಪಾವತಿಯಾದ ಖಾತೆಗೇ ಮರಳಿಸಿ. ಕೂಪನ್ ಅಥವಾ ವಾಲೆಟ್ ಮೊತ್ತವನ್ನು ನಾನು ಒಪ್ಪುವುದಿಲ್ಲ.*
*2. ಪಂಪನ್ನು ನಿಮ್ಮ ಖರ್ಚಿನಲ್ಲಿ ಒಯ್ಯಿರಿ. ಅದನ್ನು ಬಳಸಿಲ್ಲ, ಹಾಗೇ ಇಟ್ಟಿದ್ದೇನೆ.*
*3. ನಿಯಮ 5(3)ರಂತೆ ಮಾರಾಟಗಾರರ ಪೂರ್ತಿ ಹೆಸರು, ವಿಳಾಸ ಮತ್ತು ಇಮೇಲ್ ತಿಳಿಸಿ.*
*4. ಎರಡು ದೂರುಗಳನ್ನು ಯಾವ ಕಾರಣಕ್ಕೆ ಮುಚ್ಚಲಾಯಿತು ಎಂದು ಬರಹದಲ್ಲಿ ತಿಳಿಸಿ.*

*48 ಗಂಟೆಯೊಳಗೆ ಸ್ವೀಕೃತಿಯನ್ನೂ ಫೆಬ್ರವರಿ 22ರೊಳಗೆ ಪರಿಹಾರವನ್ನೂ ನಿರೀಕ್ಷಿಸುತ್ತೇನೆ. ಆಗದಿದ್ದಲ್ಲಿ ಉಡುಪಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.*

ಈ ಪತ್ರದಲ್ಲಿ ಮೂರು ಸಾಲುಗಳ ಬಗ್ಗೆ ಸ್ವಲ್ಪ ಹೇಳಬೇಕು.

ಒಂದು, 'ಮನೆಯ ತೋಟದ ಬಳಕೆಗಾಗಿ'. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸುವುದು ವ್ಯಾಪಾರದ ಉದ್ದೇಶ ಆಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೂ ಪಂಪು, ಹೊಲಿಗೆ ಯಂತ್ರ, ತೂಕದ ಯಂತ್ರದಂಥ ವಸ್ತುಗಳಲ್ಲಿ ಎದುರು ಪಕ್ಷ ಈ ತಕರಾರು ತೆಗೆಯಬಹುದು. ಯಾತಕ್ಕೆ ಕೊಂಡದ್ದು ಎಂದು ಮೊದಲ ಸಾಲಿನಲ್ಲೇ ಹೇಳಿದರೆ ಆಮೇಲೆ ವಿವರಿಸುವ ಕಷ್ಟ ಇಲ್ಲ.

ಎರಡು, ಮಾರಾಟಗಾರರ ವಿಳಾಸ. ನಾವು ಕೊಳ್ಳುವುದು ತಾಣದಿಂದ ಅಂತ ನಮ್ಮ ಭಾವನೆ. ಬಿಲ್ಲಿನಲ್ಲಿ ಇರುವುದು ಯಾವುದೋ ಊರಿನ, ನಾವು ಕೇಳಿರದ ಒಂದು ಹೆಸರು. ತಾಣಗಳ ಮೊದಲ ವಾದವೇ 'ನಾವು ಬರೀ ಮಧ್ಯವರ್ತಿ, ಮಾರಿದ್ದು ಅವರು' ಎನ್ನುವುದು. ಅದಕ್ಕೆ ಉತ್ತರ ನಿಯಮದಲ್ಲೇ ಇದೆ. ಕೊಂಡ ಮೇಲೆ ಗ್ರಾಹಕ ಬರಹದಲ್ಲಿ ಕೇಳಿದರೆ ಮಾರಾಟಗಾರರ ವಿವರ ಕೊಡುವುದು ತಾಣದ ಹೊಣೆ. ಆಯೋಗಕ್ಕೆ ಹೋಗುವಾಗ ಇಬ್ಬರನ್ನೂ ಎದುರು ಪಕ್ಷ ಮಾಡಲು ಈ ವಿಳಾಸ ಬೇಕೇ ಬೇಕು. ವಿಳಾಸ ಕೊಡದಿದ್ದರೆ ಅದೂ ನಿಮ್ಮ ದೂರಿನ ಒಂದು ಅಂಶವಾಗುತ್ತದೆ.

ಮೂರು, 'ಇದು ನಿಮ್ಮದೇ ದಾಖಲೆ' ಎನ್ನುವ ಸಾಲು. ಒಯ್ಯಲು ಬಂದ ಹುಡುಗ 'ಹೊಂದಾಣಿಕೆಯಾಗಲಿಲ್ಲ' ಎಂದು ಬರೆದದ್ದನ್ನು ಕಂಪನಿ ನಮ್ಮ ವಿರುದ್ಧ ಬಳಸಿತ್ತು. ಅದೇ ಮಾತು ತಿರುಗಿಸಿ ನೋಡಿದರೆ ನಮ್ಮ ಪರವಾದ ಸಾಕ್ಷಿ. ನಿಯಮ 6ರ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ವಾಪಸು ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಏಳು ದಿನದ ಅವಧಿ ಕಂಪನಿಯ ನೀತಿ. ಆ ನೀತಿ ಈ ನಿಯಮಕ್ಕಿಂತ ಮೇಲಲ್ಲ. ಮೇಲಾಗಿ ನಾವು ಕೋರಿಕೆ ಹಾಕಿದ್ದೂ ಆ ಏಳು ದಿನದೊಳಗೇ.

ಐನೂರು ರೂಪಾಯಿಯ ಸೌಜನ್ಯ

ಸ್ವೀಕೃತಿ ಮರುದಿನವೇ ಬಂತು, ಹೊಸ ಸಂಖ್ಯೆಯ ಜೊತೆ. ಜನವರಿ 31ಕ್ಕೆ ಉತ್ತರ ಬಂತು. ಮೊದಲ ಪ್ಯಾರಾದಲ್ಲಿ ವಿಷಾದ. ಎರಡನೆಯದರಲ್ಲಿ, ಜನವರಿ 17ಕ್ಕೆ ಅವಧಿ ಮುಗಿದಿರುವುದರಿಂದ ವಾಪಸಾತಿ ಸಾಧ್ಯವಿಲ್ಲ ಎನ್ನುವ ಮಾತು. ಮೂರನೆಯದರಲ್ಲಿ, ಸೌಜನ್ಯದ ನೆಲೆಯಲ್ಲಿ 500 ರೂಪಾಯಿಯ ಕೂಪನ್.

ಇಂಥ ಉತ್ತರ ನಿಮ್ಮ ದೂರನ್ನು ಓದಿ ಬರೆದದ್ದೋ, ಓದದೆ ಅಂಟಿಸಿದ್ದೋ ಎಂದು ಗುರುತಿಸುವುದು ಕಷ್ಟವಲ್ಲ. ನೀವು ಕೊಟ್ಟ ತಾರೀಕುಗಳಲ್ಲಿ ಒಂದಾದರೂ ಅದರಲ್ಲಿ ಇದೆಯೇ ನೋಡಿ. ನಮಗೆ ಬಂದದ್ದರಲ್ಲಿ 12, 14, 16 ಮೂರೂ ಇರಲಿಲ್ಲ. ತಗಡಿನ ಪಟ್ಟಿಯ ವಿಷಯ ಇರಲಿಲ್ಲ. ಇದ್ದದ್ದು ಅವರ 17 ಮಾತ್ರ.

ಕೂಪನ್ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ಒಪ್ಪಿ ಬಳಸಿದರೆ 'ದೂರು ಪರಸ್ಪರ ಒಪ್ಪಿಗೆಯಿಂದ ಮುಗಿದಿದೆ' ಎಂದು ನಾಳೆ ವಾದಿಸಬಹುದು. ಸುಮ್ಮನೆ ಬಳಸದೆ ಬಿಟ್ಟರೆ ಸಾಲದು, ಬೇಡ ಎಂದು ಬರೆಯಬೇಕು. ಚಿಕ್ಕಮ್ಮ ಫೆಬ್ರವರಿ 1ರಂದು ನಾಲ್ಕೇ ಸಾಲು ಬರೆದರು: ಕೂಪನ್ ಒಪ್ಪುವುದಿಲ್ಲ, ಕೋರಿಕೆ ಹಾಕಿದ್ದು 12ಕ್ಕೆ, ಅವಧಿ ಮುಗಿದದ್ದು 17ಕ್ಕೆ, ನನ್ನ ನಾಲ್ಕು ಬೇಡಿಕೆಗಳಲ್ಲಿ ಮೂರಕ್ಕೆ ಉತ್ತರ ಬಂದಿಲ್ಲ, ಈ ದೂರು ಇನ್ನೂ ತೆರೆದೇ ಇದೆ ಎಂದು ಪರಿಗಣಿಸುತ್ತೇನೆ.

ಫೆಬ್ರವರಿ 4ಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆದರೆ ಸಹಾಯವಾಣಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದು ಸ್ಪಷ್ಟವಿರಲಿ. ಅದು ನ್ಯಾಯಾಲಯವಲ್ಲ. ಕಂಪನಿಗೆ ಆದೇಶ ಕೊಡಲಾರದು. ಅದು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಉಪಯೋಗ ಏನೆಂದರೆ, ಅದರೊಂದಿಗೆ ಸೇರಿಕೊಂಡ ಕಂಪನಿಗಳಲ್ಲಿ ಈ ದೂರು ಚಾಟ್‌ನವರಿಗಿಂತ ಮೇಲಿನ ಮೇಜಿಗೆ ಹೋಗುವ ಸಾಧ್ಯತೆ ಹೆಚ್ಚು.

ಫೆಬ್ರವರಿ 6ಕ್ಕೆ ಮಾರಾಟಗಾರರ ವಿಳಾಸ ಬಂತು. 18ಕ್ಕೆ 7,349 ರೂಪಾಯಿ ಖಾತೆಗೆ ಬಂತು. ಮೂರು ದಿನ ಬಿಟ್ಟು ಪಂಪನ್ನು ಒಯ್ದರು. ದೂರುಗಳನ್ನು ಯಾಕೆ ಮುಚ್ಚಲಾಯಿತು ಎನ್ನುವ ನಾಲ್ಕನೆಯ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಇಲ್ಲ. ಈ ನಡುವೆ ಸಸಿಗಳು ಬಾಡುವುದನ್ನು ನೋಡಲಾರದೆ ಚಿಕ್ಕಮ್ಮ ಕುಂದಾಪುರದ ಅಂಗಡಿಯಿಂದ ಬೇರೆ ಪಂಪ್ ತಂದಿದ್ದರು. ಅಂದರೆ ಹಣ ವಾಪಸು ಬರುವವರೆಗೆ ಎರಡು ಪಂಪಿನ ಹಣ ಅವರ ಕೈಯಿಂದ ಹೋಗಿತ್ತು. ಎಲ್ಲರಿಗೂ ಹಾಗೆ ಎರಡನೇ ಪಂಪ್ ತರಲು ಆಗುತ್ತದೆಯೇ?

ಹಣ ಬಾರದಿದ್ದರೆ?

ಬಂದದ್ದು ನಮ್ಮ ಅದೃಷ್ಟ ಅಂತಲೂ ಹೇಳಬಹುದು. ಬಾರದಿದ್ದರೆ ಫೆಬ್ರವರಿ 23ಕ್ಕೆ ಚಿಕ್ಕಮ್ಮನ ಕೈಯಲ್ಲಿ ಏನಿರುತ್ತಿತ್ತು? ತಾರೀಕು ಸಹಿತ ಒಂದು ಪತ್ರ, ಅದರ ಸ್ವೀಕೃತಿ, ದೂರನ್ನು ಓದದ ಒಂದು ಉತ್ತರ, ಅದಕ್ಕೆ ಅವರ ಮರು ಉತ್ತರ, ಸಹಾಯವಾಣಿಯ ದೂರಿನ ಸಂಖ್ಯೆ, ಮಾರಾಟಗಾರರ ವಿಳಾಸ. ಜಿಲ್ಲಾ ಆಯೋಗಕ್ಕೆ ಬೇಕಾದ ಕಡತ ಬಹುಪಾಲು ಸಿದ್ಧ. ಅದಕ್ಕೇ ನಾನು ಹೇಳುವುದು, ಈ ಇಮೇಲನ್ನು ಬರೆಯುವಾಗ ಕುಂದುಕೊರತೆ ಅಧಿಕಾರಿಯನ್ನು ಒಬ್ಬರೇ ಓದುಗ ಎಂದು ತಿಳಿಯಬೇಡಿ. ಅವರು ಕಂಪನಿಯ ನೌಕರ. ಮುಂದೊಂದು ದಿನ ಇದೇ ಹಾಳೆಯನ್ನು, ನಿಮ್ಮನ್ನಾಗಲೀ ಕಂಪನಿಯನ್ನಾಗಲೀ ತಿಳಿಯದ ಆಯೋಗದ ಸದಸ್ಯರು ಓದಬೇಕು. ಅವರಿಗೆ ಅರ್ಥವಾಗುವಂತೆ ಬರೆಯಿರಿ.

ಹಳೆಯ ಕಾಯ್ದೆಗೂ ಹೊಸದಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸ ನಮ್ಮಂಥ ಊರಿನವರಿಗೆ ಬಹಳ ಮುಖ್ಯ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಬಿಜೂರಿನವರಿಗೆ ಅದು ಉಡುಪಿ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆ ಕೋರಲೂ ಅವಕಾಶವಿದೆ. ಕಾಲಮಿತಿ ಎರಡು ವರ್ಷ.

ಸಣ್ಣ ಮೊತ್ತಕ್ಕೆ ಯಾರು ಆದೇಶ ಕೊಡುತ್ತಾರೆ ಎನ್ನುವವರಿಗೆ ಬೆಂಗಳೂರಿನ ಒಂದು ಪ್ರಕರಣ ಉದಾಹರಣೆ. 2022ರ ಜನವರಿಯಲ್ಲಿ ಒಬ್ಬ ಮಹಿಳೆ ಫ್ಲಿಪ್‌ಕಾರ್ಟ್‌ನಲ್ಲಿ 12,499 ರೂಪಾಯಿ ಕೊಟ್ಟು ಮೊಬೈಲ್ ಆರ್ಡರ್ ಮಾಡಿದ್ದರು. ಮೊಬೈಲ್ ಬರಲಿಲ್ಲ. ಗ್ರಾಹಕ ಸೇವೆಗೆ ಮತ್ತೆ ಮತ್ತೆ ಕರೆ ಮಾಡಿದರೂ ಪ್ರಯೋಜನವಾಗಲಿಲ್ಲ. ಅವರು ಬೆಂಗಳೂರು ನಗರ ಜಿಲ್ಲಾ ಆಯೋಗಕ್ಕೆ ಹೋದರು. ಹಣವನ್ನು ಶೇಕಡ 12ರ ವಾರ್ಷಿಕ ಬಡ್ಡಿ ಸಹಿತ ಮರಳಿಸಬೇಕು, ಜೊತೆಗೆ 20,000 ರೂಪಾಯಿ ದಂಡ, 10,000 ರೂಪಾಯಿ ಕಾನೂನು ಖರ್ಚು ಕೊಡಬೇಕು ಎಂದು ಆಯೋಗ ಆದೇಶಿಸಿತು. 2023ರ ಜನವರಿಯಲ್ಲಿ ಈ ಆದೇಶ ಸುದ್ದಿಯಾಯಿತು. ಮೊಬೈಲಿನ ಬೆಲೆಗಿಂತ ಅದನ್ನು ಕೊಡದೆ ಸತಾಯಿಸಿದ್ದಕ್ಕೆ ತೆರಬೇಕಾದದ್ದೇ ಹೆಚ್ಚಾಯಿತು. ಆದರೆ ಅಲ್ಲಿಗೆ ತಲುಪಲು ಸುಮಾರು ಒಂದು ವರ್ಷ ಬೇಕಾಯಿತು ಎನ್ನುವುದನ್ನೂ ಮರೆಯಬಾರದು. ಪರೀಕ್ಷೆಗೆ ಕಳಿಸಬೇಕಾಗಿಲ್ಲದ ದೂರುಗಳನ್ನು ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಪ್ರಯತ್ನಿಸಬೇಕು ಎಂದಷ್ಟೇ.

ನಿಯಮದಲ್ಲಿರುವ ತೂತು

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ಅವರು ಮುಚ್ಚಿದರೆ ಮುಗಿಯಿತೇ? ಕಾನೂನಿನ ಲೆಕ್ಕದಲ್ಲಿ ಮುಗಿಯುವುದಿಲ್ಲ. ಆದರೆ ಮುಗಿದಿದೆ ಎಂದು ಕಂಪನಿ ಹೇಳಿಕೊಳ್ಳಲು ನಿಯಮವೇ ಜಾಗ ಬಿಟ್ಟಿದೆ.

2020ರ ನಿಯಮಗಳು 'ಕುಂದುಕೊರತೆ' ಎಂದರೇನು ಎಂದು ಹೇಳುತ್ತವೆ. ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಎಂದೂ ಹೇಳುತ್ತವೆ. ಪರಿಹಾರ ಎಂದರೆ ಏನು ಎಂದು ಮಾತ್ರ ಹೇಳುವುದಿಲ್ಲ. ಹಣ ಮರಳಿಸುವುದು ಪರಿಹಾರವೇ? ಬದಲಿ ವಸ್ತು ಕೊಡುವುದೇ? 'ನಮ್ಮ ನೀತಿಯಂತೆ ಸಾಧ್ಯವಿಲ್ಲ' ಎಂದು ಕಾರಣವಿಲ್ಲದೆ ಉತ್ತರಿಸುವುದೂ ಪರಿಹಾರದ ಲೆಕ್ಕಕ್ಕೆ ಬರುತ್ತದೆಯೇ? ಗ್ರಾಹಕರಿಗೆ ಟಿಕೆಟ್ ಸಂಖ್ಯೆ ಕೊಟ್ಟು, ದೂರು ಯಾವ ಹಂತದಲ್ಲಿದೆ ಎಂದು ನೋಡಲು ಅನುಕೂಲ ಮಾಡಬೇಕು ಎನ್ನುವುದು ನಿಯಮ 5ರಲ್ಲಿದೆ. ಆ ಟಿಕೆಟನ್ನು ಮುಚ್ಚುವ ಹಕ್ಕು ಯಾರದ್ದು, ಮುಚ್ಚುವ ಮುಂಚೆ ದೂರು ಕೊಟ್ಟವರನ್ನು ಕೇಳಬೇಕೇ ಎನ್ನುವುದು ಇಲ್ಲ. ಹಾಗಾಗಿ ದೂರಿಗೆ ಗುರಿಯಾದವರೇ ಅದು ಬಗೆಹರಿದಿದೆ ಎಂದು ತೀರ್ಮಾನಿಸುತ್ತಾರೆ.

ಒಂದು ತಿಂಗಳು ಮೀರಿದರೆ ಏನು ಎನ್ನುವುದಕ್ಕೂ ನೇರ ಉತ್ತರವಿಲ್ಲ. ನಿಯಮ ಉಲ್ಲಂಘಿಸಿದರೆ ಕಾಯ್ದೆಯ ಅವಕಾಶಗಳು ಅನ್ವಯಿಸುತ್ತವೆ ಎಂದು 8ನೇ ನಿಯಮ ಹೇಳುತ್ತದೆ. ಅಂದರೆ 32ನೇ ದಿನ ತಾನಾಗಿ ಬೀಳುವ ದಂಡವೇನೂ ಇಲ್ಲ. ಮತ್ತೆ ಗ್ರಾಹಕನೇ ಹೊರಡಬೇಕು.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಡ. ನಿಯಮಕ್ಕೆ ಎರಡು ವಾಕ್ಯ ಸೇರಿಸಿದರೆ ಸಾಕು. ಒಂದು, ಗ್ರಾಹಕ ಒಪ್ಪದ ದೂರನ್ನು ಮುಚ್ಚಬೇಕಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮತ್ತು ಅದು 'ಪರಿಹಾರವಾಗಿದೆ' ಎಂದಲ್ಲ, 'ತಿರಸ್ಕರಿಸಲಾಗಿದೆ' ಎಂದು ದಾಖಲಾಗಬೇಕು. ತಿರಸ್ಕರಿಸಿದ್ದೇವೆ ಎಂದು ಬರೆಯಲು ಕಾರಣ ಬೇಕಾಗುತ್ತದೆ. ಪರಿಹರಿಸಿದ್ದೇವೆ ಎಂದು ಬರೆಯಲು ಬೇಡ. ಎರಡು, ಹಾಗೆ ಮುಚ್ಚುವ ಪ್ರತಿ ಮೆಸೇಜಿನಲ್ಲೂ ಕುಂದುಕೊರತೆ ಅಧಿಕಾರಿಯ ಇಮೇಲ್ ಇರಬೇಕು. ಸ್ಟಾರ್ ಕೇಳಲು ಜಾಗವಿರುವ ಮೆಸೇಜಿನಲ್ಲಿ ಒಂದು ವಿಳಾಸಕ್ಕೆ ಜಾಗವಿಲ್ಲ ಎಂದರೆ ನಂಬುವುದು ಕಷ್ಟ.

ಅಲ್ಲಿಯವರೆಗೆ ನಮಗೆ ಇರುವುದು ಆ ಒಂದು ಇಮೇಲ್. ಚಿಕ್ಕಮ್ಮ ಈಗ ಅದರ ಕರಡನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಮೊನ್ನೆ ನೆರೆಮನೆಯವರಿಗೆ ಮಿಕ್ಸಿ ಬದಲು ಅದರ ಜಾರು ಮಾತ್ರ ಬಂದಿತ್ತು. ಅವರ ಟಿಕೆಟ್ ಸಹ ಎರಡನೆಯ ದಿನಕ್ಕೇ 'ಪರಿಹಾರವಾಗಿದೆ' ಎಂದು ಮುಚ್ಚಿತ್ತು. ಅವರು ಹೋಗಲಿ ಬಿಡಿ ಎನ್ನುವ ಹೊತ್ತಿಗೆ ಚಿಕ್ಕಮ್ಮ ಕೇಳಿದರಂತೆ: "ಪೆಟ್ಟಿಗೆ ಬಿಚ್ಚಿದ್ ಯಾವತ್ತ್? ತಾರೀಕ್ ಹೇಳಿ, ಬರೂವ."